ಜಾಸ್ತಿ ಮಾರಾಟವಾಗುವ ಖಾದ್ಯವೇ ಹೋಟೆಲ್‌ಗೆ ಯಾಕೆ ಚಿಂತೆ? ಮೆನು ಇಂಜಿನಿಯರಿಂಗ್‌ನ ನಾಲ್ಕು ಮನೆಗಳ ಲೆಕ್ಕ

ಅಡುಗೆ ಸಾಮಗ್ರಿಗಳ ಬೆಲೆ ಏರಿತು ಅನ್ನುವ ಸುದ್ದಿಯ ಬೆನ್ನಿಗೇ ಹೋಟೆಲ್‌ಗಳ ಮೆನು ಬದಲಾಗುತ್ತದೆ. ಬೆಲೆ ಏರುವುದು ಯಾರಿಗಾದರೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ಏರಿದ ರೀತಿ. ಎಲ್ಲರೂ ತಿನ್ನುವ ಖಾದ್ಯದ ಬೆಲೆ ಸ್ವಲ್ಪ ಏರಿ, ಅದರ ಹೆಸರು ಮೆನುವಿನ ಮೂಲೆಗೆ ಹೋಗಿರುತ್ತದೆ. ಯಾರೂ ಅಷ್ಟಾಗಿ ಕೇಳದ ದುಬಾರಿ ಖಾದ್ಯ ದೊಡ್ಡ ಅಕ್ಷರದಲ್ಲಿ ಮೇಲೆ ಬಂದು ಕೂತಿರುತ್ತದೆ. ತುಂಬಾ ಅಗ್ಗದ ಒಂದು ಖಾದ್ಯ ಕಾಣೆಯಾಗಿರುತ್ತದೆ.

ಚೆನ್ನಾಗಿ ಮಾರಾಟವಾಗುವುದನ್ನು ಹಿಂದಕ್ಕೆ ತಳ್ಳಿ, ಮಾರಾಟವಾಗದ್ದನ್ನು ಮುಂದಕ್ಕೆ ತರುವುದು ತಲೆಕೆಳಗಾದ ವ್ಯಾಪಾರ ಅನ್ನಿಸುತ್ತದೆ, ಅಲ್ವಾ? ಇದರ ಹಿಂದೆ ಸಾಮಾನ್ಯವಾಗಿ ಒಂದು ಲೆಕ್ಕ ಇರುತ್ತದೆ. ಅದರ ಹೆಸರು ಮೆನು ಇಂಜಿನಿಯರಿಂಗ್. ಒಳ್ಳೆಯ ಲೆಕ್ಕವೇ, ಆದರೆ ಅದನ್ನು ಅರ್ಧ ತಿಳಿದು ಬಳಸಿದರೆ ಲಾಭ ಏರುವ ಬದಲು ಇಳಿಯಬಹುದು. ಹೇಗೆ ಅನ್ನುವುದನ್ನು ಒಂದು ಚಿಕ್ಕ ಮೆನು ಹಿಡಿದು ನೋಡೋಣ.

## ಶೇಕಡಾ ಲೆಕ್ಕ, ಕೈಗೆ ಉಳಿಯುವ ಲೆಕ್ಕ

ಹೋಟೆಲ್ ನಡೆಸುವವರು ತುಂಬಾ ಕಾಲ ನಂಬಿಕೊಂಡು ಬಂದ ಅಳತೆ ಒಂದೇ: ಫುಡ್ ಕಾಸ್ಟ್ ಶೇಕಡಾ ಎಷ್ಟು? ಅಂದರೆ ಖಾದ್ಯದ ಬೆಲೆಯಲ್ಲಿ ಸಾಮಗ್ರಿಯ ಖರ್ಚು ಎಷ್ಟು ಪಾಲು. ಆ ಪಾಲು ಕಡಿಮೆ ಇದ್ದಷ್ಟೂ ಖಾದ್ಯ ಒಳ್ಳೆಯದು ಅನ್ನುವುದು ಲೆಕ್ಕ. 1980ರಲ್ಲಿ ಜ್ಯಾಕ್ ಮಿಲ್ಲರ್ ಮುಂದಿಟ್ಟ ಮೆನು ವಿಶ್ಲೇಷಣೆಯೂ ಇದನ್ನೇ ಆಧಾರ ಮಾಡಿಕೊಂಡಿತ್ತು. ಸಾಮಗ್ರಿ ಪಾಲು ಕಡಿಮೆ ಇರಬೇಕು, ಮಾರಾಟ ಜಾಸ್ತಿ ಇರಬೇಕು. ಅಂಥದ್ದೇ ಗೆಲ್ಲುವ ಖಾದ್ಯ.

ಎರಡು ವರ್ಷದ ನಂತರ, 1982ರಲ್ಲಿ, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಕಸವಾನಾ ಮತ್ತು ಡೊನಾಲ್ಡ್ ಸ್ಮಿತ್ ಬೇರೆ ಪ್ರಶ್ನೆ ಕೇಳಿದರು. ಒಂದು ಪ್ಲೇಟ್ ಮಾರಿದರೆ, ಸಾಮಗ್ರಿ ಖರ್ಚು ಕಳೆದು ಕೈಯಲ್ಲಿ ಉಳಿಯುವ ಹಣ ಎಷ್ಟು? ಇದನ್ನು ಕಾಂಟ್ರಿಬ್ಯೂಷನ್ ಮಾರ್ಜಿನ್ ಅನ್ನುತ್ತಾರೆ. ಇಲ್ಲಿ ಸುಮ್ನೆ ‘ಉಳಿಕೆ’ ಅನ್ನೋಣ. ಬಾಡಿಗೆ, ಸಂಬಳ, ಕರೆಂಟು ಎಲ್ಲವನ್ನೂ ಕಟ್ಟಬೇಕಾದದ್ದು ಈ ಉಳಿಕೆಯಿಂದಲೇ. ಅವನ್ನೆಲ್ಲ ಕಟ್ಟಿ ಮಿಕ್ಕಿದ್ದು ಲಾಭ.

ಪ್ರತಿ ಖಾದ್ಯಕ್ಕೂ ಅವರು ಎರಡೇ ಪ್ರಶ್ನೆ ಹಾಕಿದರು. ಜನ ಇದನ್ನು ಸಾಕಷ್ಟು ಕೇಳುತ್ತಾರಾ? ಇದರ ಉಳಿಕೆ ಸರಾಸರಿಗಿಂತ ಜಾಸ್ತಿಯಾ? ಎರಡಕ್ಕೂ ಹೌದು ಅಂದರೆ ಅದು ಸ್ಟಾರ್. ಜನ ಕೇಳುತ್ತಾರೆ, ಉಳಿಕೆ ಕಡಿಮೆ ಅಂದರೆ ಪ್ಲೌಹಾರ್ಸ್, ಅಂದರೆ ನೇಗಿಲು ಎಳೆಯುವ ಕುದುರೆ. ಉಳಿಕೆ ಚೆನ್ನಾಗಿದೆ, ಕೇಳುವವರು ಕಡಿಮೆ ಅಂದರೆ ಪಜಲ್. ಎರಡಕ್ಕೂ ಇಲ್ಲ ಅಂದರೆ ಡಾಗ್. ನಾಲ್ಕು ಮನೆಗಳ ಈ ಯೋಚನೆ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1970ರ ಹೊತ್ತಿಗೆ ಕಂಪನಿಗಳ ಸರಕುಗಳಿಗಾಗಿ ಮಾಡಿದ ಕೋಷ್ಟಕದ ಮಾದರಿಯದ್ದು.

## ಐದು ಖಾದ್ಯಗಳ ಮೆನು

ಒಂದು ಹೋಟೆಲ್‌ನಲ್ಲಿ ಐದು ಮುಖ್ಯ ಖಾದ್ಯಗಳಿವೆ ಅಂದುಕೊಳ್ಳೋಣ. ತಿಂಗಳಿಗೆ ಸಾವಿರ ಪ್ಲೇಟ್ ಮಾರಾಟ. ಬೆಲೆಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ಆರಿಸಿಕೊಂಡವು. ಯಾವ ದೇಶದ ಹಣ ಅಂತ ಅಂದುಕೊಂಡರೂ ನಡೆಯುತ್ತದೆ.

| ಖಾದ್ಯ | ಬೆಲೆ | ಸಾಮಗ್ರಿ ಖರ್ಚು | ಉಳಿಕೆ | ಮಾರಿದ ಪ್ಲೇಟ್ |
|---|---|---|---|---|
| ಪಾಸ್ತಾ | 180 | 60 | 120 | 350 |
| ಪಿಜ್ಜಾ | 240 | 80 | 160 | 250 |
| ಗ್ರಿಲ್ ಮೀನು | 360 | 160 | 200 | 200 |
| ಮಾಂಸದ ರೋಸ್ಟ್ | 420 | 200 | 220 | 100 |
| ತರಕಾರಿ ಸೂಪ್ | 130 | 30 | 100 | 100 |

ಮೊದಲು ಹಳೆಯ ಅಳತೆ ಹಾಕಿ ನೋಡಿ. ಸೂಪಿನ ಸಾಮಗ್ರಿ ಖರ್ಚು ಬೆಲೆಯ ಶೇ. 23 ಮಾತ್ರ. ರೋಸ್ಟಿನದು ಶೇ. 48ರ ಹತ್ತಿರ. ಶೇಕಡಾ ನಂಬುವವರು ಸೂಪನ್ನು ಹೊಗಳಿ ರೋಸ್ಟನ್ನು ಬೈಯುತ್ತಾರೆ. ಆದರೆ ಕುರ್ಚಿಯಲ್ಲಿ ಕೂತ ಒಬ್ಬ ಗ್ರಾಹಕ ಸೂಪ್ ತಿಂದು ಎದ್ದರೆ ಹೋಟೆಲ್‌ಗೆ ಉಳಿಯುವುದು 100. ಅದೇ ಕುರ್ಚಿಯಲ್ಲಿ ರೋಸ್ಟ್ ತಿಂದು ಎದ್ದರೆ 220. ಬಾಡಿಗೆಯನ್ನು ಶೇಕಡಾದಲ್ಲಿ ಕಟ್ಟಲು ಆಗುವುದಿಲ್ಲ. ಈ ವಿಷಯದಲ್ಲಿ ಕಸವಾನಾ ಮತ್ತು ಸ್ಮಿತ್ ಹೇಳಿದ್ದೇ ಸರಿ. ದುಬಾರಿ ಖಾದ್ಯ ಮುಂದಕ್ಕೆ ಬರುವುದಕ್ಕೆ ಮೊದಲ ಕಾರಣವೂ ಇದೇ.

ಹಾಗಂತ ಶೇಕಡಾ ಪೂರ್ತಿ ಸುಳ್ಳಲ್ಲ. ಸಾಮಗ್ರಿ ಬೆಲೆ ಒಂದೇ ಸಲ ಕಾಲು ಭಾಗ ಏರಿತು ಅನ್ನಿ. ಸೂಪಿನ ಉಳಿಕೆ 100ರಿಂದ 92.5ಕ್ಕೆ ಇಳಿಯುತ್ತದೆ, ಅಷ್ಟೇ. ರೋಸ್ಟಿನದು 220ರಿಂದ 170ಕ್ಕೆ ಬೀಳುತ್ತದೆ. ಸಾಮಗ್ರಿ ಪಾಲು ಜಾಸ್ತಿ ಇರುವ ಖಾದ್ಯಕ್ಕೆ ಮಾರುಕಟ್ಟೆಯ ಏಟು ಜೋರಾಗಿ ತಗಲುತ್ತದೆ. 1983ರಲ್ಲಿ ಸಂಶೋಧಕ ಡೇವಿಡ್ ಪಾವೆಸಿಕ್ ಸಾಮಗ್ರಿ ಶೇಕಡಾ ಮತ್ತು ಒಟ್ಟು ಉಳಿಕೆ ಎರಡನ್ನೂ ಸೇರಿಸಿ ನೋಡುವ ದಾರಿ ಹೇಳಿದ್ದು, ಒಂದೇ ಅಳತೆಗೆ ಅಂಟಿಕೊಂಡರೆ ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ ಅನ್ನುವ ಕಾರಣಕ್ಕೆ.

## ಗೆರೆ ಎಲ್ಲಿ ಎಳೆಯುತ್ತಾರೆ

ನಾಲ್ಕು ಮನೆ ಆಗಬೇಕಾದರೆ ಎರಡು ಗೆರೆ ಬೇಕು. ಉಳಿಕೆಯ ಗೆರೆ ಸರಾಸರಿ. ಇಲ್ಲಿ ಜನ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಐದು ಉಳಿಕೆಗಳನ್ನು ಕೂಡಿಸಿ ಐದರಿಂದ ಭಾಗಿಸಿಬಿಡುತ್ತಾರೆ. ಹಾಗೆ ಮಾಡಿದರೆ 160 ಬರುತ್ತದೆ. ಆದರೆ ನೂರು ಜನ ತಿಂದ ರೋಸ್ಟಿಗೂ ಮುನ್ನೂರ ಐವತ್ತು ಜನ ತಿಂದ ಪಾಸ್ತಾಕ್ಕೂ ಒಂದೇ ತೂಕ ಕೊಟ್ಟಂತಾಯಿತು. ಸರಿಯಾದ ದಾರಿ ಬೇರೆ. ಪ್ರತಿ ಖಾದ್ಯದ ಉಳಿಕೆಯನ್ನು ಮಾರಿದ ಪ್ಲೇಟಿನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಪ್ಲೇಟಿನಿಂದ ಭಾಗಿಸಬೇಕು. ನಮ್ಮ ಮೆನುವಿನ ಒಟ್ಟು ಉಳಿಕೆ 1,54,000. ಸಾವಿರ ಪ್ಲೇಟಿಗೆ ಹಂಚಿದರೆ 154. ಗೆರೆ ಅಲ್ಲಿ.

ಜನಪ್ರಿಯತೆಯ ಗೆರೆ ಇನ್ನೂ ಕುತೂಹಲದ್ದು. ಐದು ಖಾದ್ಯ ಇದ್ದರೆ ಸಮಪಾಲು ಶೇ. 20. ಆದರೆ ಯಾವ ಮೆನುವಿನಲ್ಲೂ ಎಲ್ಲ ಖಾದ್ಯ ಸಮವಾಗಿ ಮಾರಾಟವಾಗುವುದಿಲ್ಲ. ಸಮಪಾಲನ್ನೇ ಗೆರೆ ಮಾಡಿದರೆ ಚೆನ್ನಾಗಿ ಓಡುವ ಖಾದ್ಯಗಳೂ ಫೇಲ್ ಆಗುತ್ತವೆ. ಅದಕ್ಕೇ ಸಮಪಾಲಿನ ಶೇ. 70 ಸಾಕು ಅಂತ ಇಟ್ಟುಕೊಂಡರು. ಇಪ್ಪತ್ತರ ಶೇ. 70 ಅಂದರೆ ಶೇ. 14. ಸಾವಿರದಲ್ಲಿ 140 ಪ್ಲೇಟ್ ದಾಟಿದರೆ ಪಾಸ್. ಈ ಎಪ್ಪತ್ತು ಪ್ರಕೃತಿಯ ನಿಯಮ ಅಲ್ಲ, ಕೆಲಸಕ್ಕೆ ಬರುವ ಒಂದು ಅಂದಾಜು. ಮುಂದೆ ಇದು ನೆನಪಿರಲಿ.

ಈಗ ವಿಂಗಡಣೆ ಸುಲಭ. ಮೀನು ಸ್ಟಾರ್. ಪಿಜ್ಜಾ ಕೂಡ ಸ್ಟಾರ್, ಆದರೆ 154ರ ಗೆರೆಯನ್ನು 160ರಲ್ಲಿ ಹೇಗೋ ದಾಟಿದೆ. ಪಾಸ್ತಾ ಪ್ಲೌಹಾರ್ಸ್. ರೋಸ್ಟ್ ಪಜಲ್. ಸೂಪ್ ಡಾಗ್.

ಪಾಠದ ಪುಸ್ತಕಗಳು ಇದರ ಮುಂದೆ ನಾಲ್ಕು ಔಷಧಿ ಬರೆಯುತ್ತವೆ. ಸ್ಟಾರನ್ನು ಮುಟ್ಟಬೇಡ. ಪ್ಲೌಹಾರ್ಸಿನ ಬೆಲೆ ಮೆಲ್ಲಗೆ ಏರಿಸು, ಇಲ್ಲವೇ ಖರ್ಚು ಇಳಿಸು. ಪಜಲನ್ನು ಜನರ ಕಣ್ಣಿಗೆ ಬೀಳಿಸು. ಡಾಗನ್ನು ತೆಗೆದುಹಾಕು. ಒಂದೊಂದನ್ನೂ ನಮ್ಮ ಮೂಲ ಮೆನುವಿನ ಮೇಲೆ ಬೇರೆ ಬೇರೆಯಾಗಿ ಪ್ರಯೋಗ ಮಾಡಿದರೆ ಏನಾಗುತ್ತದೆ ನೋಡಿ.

## ಪಾಸ್ತಾ ಬೆಲೆ ಏರಿಸಿದರೆ

ಪಾಸ್ತಾ ಬೆಲೆಯನ್ನು 180ರಿಂದ 195 ಮಾಡಿದರು. ಉಳಿಕೆ 120 ಇದ್ದದ್ದು 135 ಆಯಿತು. ಒಬ್ಬರೂ ಬಿಟ್ಟುಹೋಗದಿದ್ದರೆ ತಿಂಗಳಿಗೆ 5,250 ಹೆಚ್ಚುವರಿ. ಆದರೆ ಕೆಲವರಂತೂ ಹೋಗುತ್ತಾರೆ. ಎಷ್ಟು ಜನ ಹೋಗುವವರೆಗೆ ನಷ್ಟವಿಲ್ಲ ಅನ್ನುವುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮೊದಲು ಪಾಸ್ತಾದಿಂದ ಬರುತ್ತಿದ್ದ ಒಟ್ಟು ಉಳಿಕೆ 42,000. ಅದನ್ನು 135ರಿಂದ ಭಾಗಿಸಿದರೆ 311ಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ 312 ಪ್ಲೇಟ್ ಮಾರಾಟವಾದರೆ ಸಾಕು. 350ರಲ್ಲಿ 38 ಜನ ಹೋಟೆಲನ್ನೇ ಬಿಟ್ಟುಹೋದರೂ ತೊಂದರೆ ಇಲ್ಲ, 39ನೆಯವರು ಹೋದರೆ ನಷ್ಟ ಶುರು. ಅವರು ಬಿಟ್ಟುಹೋಗದೆ ಪಿಜ್ಜಾಕ್ಕೆ ಬದಲಾದರೆ ಲಾಭವೇ. ಸೂಪಿಗೆ ಇಳಿದರೂ 100 ಉಳಿಯುತ್ತದೆ.

ಪ್ಲೌಹಾರ್ಸ್ ಅನ್ನುವ ಹೆಸರಿನಲ್ಲಿ ಸ್ವಲ್ಪ ಅನ್ಯಾಯ ಇದೆ ಅನ್ನಿಸುತ್ತದೆ. ಈ ಮೆನುವಿನಲ್ಲಿ ಅತಿ ಹೆಚ್ಚು ಹಣ ತರುತ್ತಿರುವುದು ಪಾಸ್ತಾವೇ, ತಿಂಗಳಿಗೆ 42,000. ಸ್ಟಾರ್ ಅನ್ನಿಸಿಕೊಂಡ ಮೀನು ಮತ್ತು ಪಿಜ್ಜಾ ತಲಾ 40,000 ತರುತ್ತವೆ. ಉಳಿಕೆ ಕಡಿಮೆ ಅಂತ ಪಾಸ್ತಾವನ್ನು ಮೂಲೆಗೆ ತಳ್ಳುವ ಮೊದಲು ಈ ಸಂಖ್ಯೆ ನೋಡಬೇಕು. ಪ್ಲೇಟಿನ ಅಳತೆ ಚಿಕ್ಕದು ಮಾಡುವ, ಅಗ್ಗದ ಎಣ್ಣೆ ಬಳಸುವ ಉಪಾಯ ಇನ್ನೂ ಅಪಾಯದ್ದು. ಪ್ಲೇಟಿಗೆ 10 ಉಳಿಸಿದರೆ ತಿಂಗಳಿಗೆ 3,500 ಬರುತ್ತದೆ ನಿಜ. ಆದರೆ ದಿನಾ ಬರುವವರು ತಿನ್ನುವುದೂ ಇದನ್ನೇ. ರುಚಿ ಕೆಟ್ಟರೆ ಅವರಿಗೇ ಮೊದಲು ಗೊತ್ತಾಗುತ್ತದೆ.

## ಸೂಪ್ ತೆಗೆದರೆ

ಅತಿ ಹೆಚ್ಚು ತಪ್ಪಾಗುವ ಜಾಗ ಇದು. ಡಾಗ್ ಅಂದ ಮೇಲೆ ತೆಗೆದುಹಾಕಿದರಾಯಿತು, ಸೂಪ್ ತಿನ್ನುತ್ತಿದ್ದವರು ಬೇರೇನಾದರೂ ತಿನ್ನುತ್ತಾರೆ ಅನ್ನುವುದು ನಂಬಿಕೆ.

ಸೂಪ್ ತಿನ್ನುತ್ತಿದ್ದ ನೂರು ಜನರಲ್ಲಿ ಎಂಬತ್ತು ಜನ ಪಾಸ್ತಾಕ್ಕೆ ಬದಲಾದರು, ಇಪ್ಪತ್ತು ಜನ ಬರುವುದನ್ನೇ ಬಿಟ್ಟರು ಅಂದುಕೊಳ್ಳಿ. ಈಗ ಒಟ್ಟು ಪ್ಲೇಟ್ 980. ಪಾಸ್ತಾ 430. ಲೆಕ್ಕ ಹಾಕಿದರೆ ಒಟ್ಟು ಉಳಿಕೆ 1,53,600. ಮೊದಲು ಇದ್ದದ್ದು 1,54,000. ಅಂದರೆ 400 ಕಡಿಮೆ.

ಆದರೆ ಸರಾಸರಿ ನೋಡಿ. 154 ಇದ್ದದ್ದು 156.7 ಆಗಿದೆ. ಮ್ಯಾನೇಜರ್ ವರದಿಯಲ್ಲಿ ‘ಪ್ರತಿ ಪ್ಲೇಟಿನ ಸರಾಸರಿ ಉಳಿಕೆ ಏರಿದೆ’ ಅಂತ ಬರೆಯುತ್ತಾನೆ. ಅದು ಸುಳ್ಳಲ್ಲ. ಆದರೂ ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆ ಇದೆ. ಕಡಿಮೆ ಉಳಿಕೆಯ ಖಾದ್ಯ ತೆಗೆದರೆ ಸರಾಸರಿ ಏರಲೇಬೇಕು, ಅದು ಬರೀ ಲೆಕ್ಕದ ಗುಣ. ಅದರಿಂದ ವ್ಯಾಪಾರ ಸುಧಾರಿಸಿತು ಅಂತ ಹೇಳಲು ಆಗುವುದಿಲ್ಲ.

ಸೂಪಿನ 10,000 ತುಂಬಬೇಕಾದರೆ, ಎಲ್ಲರೂ ಪಾಸ್ತಾಕ್ಕೇ ಹೋಗುತ್ತಾರೆ ಅಂತ ಇಟ್ಟುಕೊಂಡರೆ, ನೂರರಲ್ಲಿ ಕನಿಷ್ಠ 84 ಜನ ಉಳಿಯಬೇಕು. ಉಳಿಯುತ್ತಾರಾ ಅನ್ನುವುದು ಆ ನಾಲ್ಕು ಮನೆಗಳ ಕೋಷ್ಟಕದಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಬಿಲ್ಲುಗಳಲ್ಲಿ ಹುಡುಕಬೇಕು. ಸೂಪ್ ಇರುವ ಬಿಲ್ಲುಗಳನ್ನೆಲ್ಲ ಬೇರೆ ತೆಗೆದು, ಅದರ ಜೊತೆ ಇನ್ನೇನಿದೆ ನೋಡಬೇಕು. ಸೂಪೊಂದೇ ಇರುವ ಬಿಲ್ಲು ಜಾಸ್ತಿ ಇದ್ದರೆ ಅದು ಕಡಿಮೆ ಖರ್ಚಿನ ಊಟ ಹುಡುಕಿ ಬಂದ ಒಂಟಿ ಗ್ರಾಹಕ. ಸೂಪ್ ಒಂದು, ಮೀನು ಎರಡು, ರೋಸ್ಟ್ ಒಂದು ಅನ್ನುವಂಥ ಬಿಲ್ಲು ಜಾಸ್ತಿ ಇದ್ದರೆ ಕಥೆಯೇ ಬೇರೆ. ನಾಲ್ಕು ಜನರ ಗುಂಪಿನಲ್ಲಿ ಒಬ್ಬರಿಗೆ ಮಾಂಸ, ಮೀನು, ಮೈದಾ, ಚೀಸ್ ಆಗುವುದಿಲ್ಲ. ಅವರಿಗೆ ಈ ಮೆನುವಿನಲ್ಲಿ ಸೂಪ್ ಬಿಟ್ಟರೆ ಬೇರೆ ಗತಿ ಇಲ್ಲ. ಸೂಪ್ ಹೋದರೆ ನಾಲ್ಕೂ ಜನ ಬೇರೆ ಹೋಟೆಲ್‌ಗೆ ಹೋಗುತ್ತಾರೆ. 100 ಉಳಿಸುವ ಡಾಗ್ ಹೋಗುವಾಗ ಎರಡು ಮೀನು, ಒಂದು ರೋಸ್ಟಿನ 620 ಕೂಡ ಅದರ ಜೊತೆ ಹೋಯಿತು.

ತೆಗೆಯುವುದಕ್ಕೆ ಒಳ್ಳೆಯ ಕಾರಣಗಳೂ ಇರುತ್ತವೆ. ಸೂಪಿಗಾಗಿಯೇ ತರಿಸುವ ತರಕಾರಿ ಬೇರಾವ ಖಾದ್ಯಕ್ಕೂ ಬಳಕೆಯಾಗದೆ ಕೊಳೆಯುತ್ತಿದ್ದರೆ, ಅದರ ನಿಜವಾದ ಖರ್ಚು 30 ಅಲ್ಲ, ಅದಕ್ಕಿಂತ ಜಾಸ್ತಿ. ಕೊರೋನಾ ಸಮಯದಲ್ಲಿ ಎಷ್ಟೋ ಹೋಟೆಲ್‌ಗಳು ಮೆನು ಚಿಕ್ಕದು ಮಾಡಿದ್ದರಲ್ಲಿ ಇಂಥ ಲೆಕ್ಕವೂ ಇತ್ತು. ಕಡಿಮೆ ಕೈಗಳು, ಕಡಿಮೆ ಸಾಮಗ್ರಿ, ಕಡಿಮೆ ಹಾಳು. ಆದರೆ ಆ ಕಾರಣ ಬೇರೆ, ‘ಡಾಗ್ ಮನೆಯಲ್ಲಿದೆ’ ಅನ್ನುವ ಕಾರಣ ಬೇರೆ.

## ರೋಸ್ಟ್ ಮುಂದೆ ಬಂದರೆ, ಪಿಜ್ಜಾ ಜಾರಿತು

ಪಜಲ್ ಅನ್ನುವುದು ಎಲ್ಲರಿಗೂ ಆಸೆ ಹುಟ್ಟಿಸುವ ಮನೆ. ರೋಸ್ಟನ್ನು ಮೆನುವಿನ ಮೇಲ್ಭಾಗಕ್ಕೆ ತಂದು, ಒಳ್ಳೆಯ ವಿವರಣೆ ಬರೆದು, ಬಡಿಸುವವರ ಬಾಯಲ್ಲೂ ಹೇಳಿಸಿದರು. ನೂರು ಜನ ಹೊಸದಾಗಿ ರೋಸ್ಟ್ ತಿನ್ನತೊಡಗಿದರು. ಲಾಭ ಎಷ್ಟು? ಅವರು ಮೊದಲು ಏನು ತಿನ್ನುತ್ತಿದ್ದರು ಅನ್ನುವುದರ ಮೇಲೆ ಹೋಗುತ್ತದೆ.

ನೂರೂ ಜನ ಪಾಸ್ತಾದಿಂದ ಬಂದವರಾದರೆ ಒಬ್ಬೊಬ್ಬರಿಂದ 100 ಹೆಚ್ಚು, ಒಟ್ಟು 10,000. ಮೀನಿನಿಂದ ಬಂದವರಾದರೆ ಒಬ್ಬೊಬ್ಬರಿಂದ ಬರೀ 20, ಒಟ್ಟು 2,000. ಇವೆರಡರಲ್ಲಿ ಎರಡನೆಯದೇ ಆಗುವ ಸಂಭವ ಜಾಸ್ತಿ. 360 ಕೊಡಲು ಸಿದ್ಧನಿದ್ದವನು 420 ಕೊಡಬಹುದು. 180 ಕೊಡುವವನು 420ಕ್ಕೆ ಜಿಗಿಯುವುದು ಕಷ್ಟ. ರೋಸ್ಟಿನ ಮಾರಾಟ ದ್ವಿಗುಣವಾಯಿತು ಅಂತ ಸಂಭ್ರಮಪಡುವ ಮೊದಲು ಮೀನಿನ ಸಾಲು ನೋಡಬೇಕು.

ಮೆನುವಿನ ಯಾವ ಜಾಗದ ಮೇಲೆ ಕಣ್ಣು ಮೊದಲು ಬೀಳುತ್ತದೆ ಅನ್ನುವುದರ ಬಗ್ಗೆಯೂ ನಂಬಿಕೆಗಳು ಬಹಳ. ಎರಡು ಪುಟದ ಮೆನುವಿನಲ್ಲಿ ಬಲಪುಟದ ಮೇಲ್ಭಾಗವೇ ಬಂಗಾರದ ಜಾಗ ಅಂತ ಹೇಳಿಕೊಂಡು ಬಂದಿದ್ದಾರೆ. 2012ರಲ್ಲಿ ಸಂಶೋಧಕಿ ಸಿಬಿಲ್ ಯಾಂಗ್ ಕಣ್ಣಿನ ಚಲನೆ ಅಳೆದು ನೋಡಿದಾಗ, ಜನ ಮೆನುವನ್ನು ಹೆಚ್ಚುಕಡಿಮೆ ಪುಸ್ತಕ ಓದುವ ಹಾಗೆಯೇ ಓದುತ್ತಾರೆ ಅಂತ ಕಂಡಿತು. ಬರೀ ಜಾಗ ಬದಲಿಸಿ ಪವಾಡ ನಿರೀಕ್ಷಿಸುವುದು ಬೇಡ.

ಇನ್ನು, ಒಳ್ಳೆಯ ಪಕ್ಷವನ್ನೇ ಹಿಡಿಯೋಣ. ನೂರೂ ಜನ ಪಾಸ್ತಾದಿಂದ ರೋಸ್ಟಿಗೆ ಬಂದರು. ಒಟ್ಟು ಉಳಿಕೆ 1,64,000 ಆಯಿತು. ರೋಸ್ಟ್ 200 ಪ್ಲೇಟ್ ಮುಟ್ಟಿ ಸ್ಟಾರ್ ಆಯಿತು. ಎಲ್ಲರಿಗೂ ಖುಷಿ. ಆದರೆ ಹೊಸ ಸರಾಸರಿ 164. ಪಿಜ್ಜಾದ ಉಳಿಕೆ 160. ಹೋದ ತಿಂಗಳು ಸ್ಟಾರ್ ಆಗಿದ್ದ ಪಿಜ್ಜಾ ಈ ತಿಂಗಳು ಪ್ಲೌಹಾರ್ಸ್!

ಪಿಜ್ಜಾದಲ್ಲಿ ಏನು ಬದಲಾಯಿತು? ಏನೂ ಇಲ್ಲ. ಅದೇ ಹಿಟ್ಟು, ಅದೇ ಬೆಲೆ, ಅದೇ 250 ಜನ. ಗೆರೆ ಸರಾಸರಿಯಾದ್ದರಿಂದ, ಒಂದು ಖಾದ್ಯ ಮೇಲೇರಿದರೆ ಗೆರೆಯೂ ಮೇಲೇರುತ್ತದೆ, ಅಂಚಿನಲ್ಲಿದ್ದ ಇನ್ನೊಂದು ಕೆಳಗೆ ಬೀಳುತ್ತದೆ. ಈ ವಿಧಾನದ ಮೇಲಿರುವ ದೊಡ್ಡ ಟೀಕೆ ಇದೇ. ಮೆನುವಿನ ಎಲ್ಲ ಖಾದ್ಯವೂ ಒಳ್ಳೆಯ ಲಾಭ ಕೊಡುತ್ತಿದ್ದರೂ ಕೆಲವು ಸರಾಸರಿಯ ಕೆಳಗೆ ಇದ್ದೇ ಇರುತ್ತವೆ. ಡಾಗ್ ತೆಗೆದರೆ ಮುಂದಿನ ತಿಂಗಳು ಇನ್ನೊಂದು ಗೆರೆಯ ಕೆಳಗೆ ಬಂದು ನಿಲ್ಲುತ್ತದೆ. ಗೆರೆಯ ಅಂಚಿನಲ್ಲಿರುವ ಖಾದ್ಯಕ್ಕೆ ಯಾವ ಹೆಸರನ್ನೂ ಕೊಡದೆ ಇನ್ನೆರಡು ತಿಂಗಳು ನೋಡುವುದೇ ಜಾಣತನ.

## ಒಲೆಯ ಮುಂದಿನ ನಿಮಿಷಗಳು

ಇಲ್ಲಿಯವರೆಗಿನ ಲೆಕ್ಕದಲ್ಲಿ ಅಡುಗೆಯವರೇ ಇಲ್ಲ. ಉಳಿಕೆಯಲ್ಲಿ ಕಳೆದದ್ದು ಸಾಮಗ್ರಿ ಖರ್ಚು ಮಾತ್ರ. 1980ರ ದಶಕದಿಂದಲೂ ಸಂಶೋಧಕರು ಸಂಬಳ ಮತ್ತಿತರ ಖರ್ಚುಗಳನ್ನೂ ಖಾದ್ಯಗಳಿಗೆ ಹಂಚಬೇಕು ಅಂತ ವಾದಿಸುತ್ತಾ ಬಂದಿದ್ದಾರೆ. ವಿರೋಧದ ವಾದವೂ ಗಟ್ಟಿಯಾಗಿದೆ. ಒಂದು ಪ್ಲೇಟ್ ಕಡಿಮೆ ಮಾರಿದರೆ ಅಡುಗೆಯವರ ಸಂಬಳ ಕಡಿಮೆಯಾಗುವುದಿಲ್ಲ, ಹಂಚುವುದು ಸುಮ್ನೆ ಊಹೆ ಅನ್ನುತ್ತಾರೆ.

ಇಬ್ಬರೂ ಸರಿ, ಬೇರೆ ಬೇರೆ ಹೊತ್ತಿನಲ್ಲಿ. ಮೀನಿಗೆ ಅಡುಗೆಯವರ ಹತ್ತು ನಿಮಿಷ ಬೇಕು, ಪಿಜ್ಜಾಕ್ಕೆ ಐದು ನಿಮಿಷ ಅಂದುಕೊಳ್ಳಿ. ಮಧ್ಯಾಹ್ನ ಮೂರು ಗಂಟೆಗೆ ಹೋಟೆಲ್ ಅರ್ಧ ಖಾಲಿ. ಆಗ ನಿಮಿಷಕ್ಕೆ ಬೆಲೆ ಇಲ್ಲ. ಬಂದ ಗ್ರಾಹಕ ಮೀನು ತಿಂದರೆ 40 ಜಾಸ್ತಿ ಉಳಿಯಿತು, ಅಷ್ಟೇ. ರಾತ್ರಿ ಎಂಟೂವರೆಗೆ ಬಾಗಿಲಲ್ಲಿ ಜನ ಕಾಯುತ್ತಿದ್ದಾರೆ. ಆಗ ಒಂದು ಗಂಟೆಯಲ್ಲಿ ಆರು ಮೀನು ಮಾಡಿದರೆ 1,200. ಅದೇ ಗಂಟೆಯಲ್ಲಿ ಹನ್ನೆರಡು ಪಿಜ್ಜಾ ಮಾಡಿದರೆ 1,920. ಜನಸಂದಣಿಯ ಹೊತ್ತಿನಲ್ಲಿ ನಿಜವಾದ ಸ್ಟಾರ್ ಪಿಜ್ಜಾ. ಕೋಷ್ಟಕ ಅದನ್ನು ತೋರಿಸಲಿಲ್ಲ, ಏಕೆಂದರೆ ತಿಂಗಳ ಎಲ್ಲ ಗಂಟೆಗಳನ್ನೂ ಒಂದೇ ರಾಶಿಗೆ ಹಾಕಿತ್ತು. ಸಂಜೆಯ ಲೆಕ್ಕವನ್ನು ಬೇರೆ ಮಾಡದೆ ರೋಸ್ಟ್, ಮೀನುಗಳನ್ನು ಮುಂದಕ್ಕೆ ತಂದ ಹೋಟೆಲ್‌ನಲ್ಲಿ ಊಟ ತಡವಾಗುವುದು, ಕಾದು ಸುಸ್ತಾದವರು ಎದ್ದು ಹೋಗುವುದು ಇದರಿಂದಲೇ.

## ಸಂಖ್ಯೆ ಹಾದಿ ತಪ್ಪಿಸುವ ಬಗೆ

ಬಿಲ್ಲಿಂಗ್ ಮಷೀನ್ ಮಾರಿದ ಪ್ಲೇಟನ್ನು ಮಾತ್ರ ಎಣಿಸುತ್ತದೆ, ಕೇಳಿ ಸಿಗದೆ ಹೋದದ್ದನ್ನು ಎಣಿಸುವುದಿಲ್ಲ. ರೋಸ್ಟ್ ದಿನಾ ಎಂಟು ಗಂಟೆಗೆ ಮುಗಿದುಹೋಗುತ್ತಿದ್ದರೆ, ಕಡಿಮೆ ಪ್ಲೇಟ್ ಮಾರಾಟವಾಗಿದ್ದು ಜನ ಕೇಳದೆ ಅಲ್ಲ. ಅದು ಪಜಲ್ ಹಾಗೆ ಕಾಣುವ ಸ್ಟಾರ್ ಇರಬಹುದು. ‘ಮುಗಿದಿದೆ’ ಅಂತ ಹೇಳಿದ ಸಲ ಎಲ್ಲ ಬಡಿಸುವವರು ಒಂದು ಗೀಟು ಹಾಕಿಟ್ಟರೆ ಗೊತ್ತಾಗುತ್ತದೆ.

ಸಾಮಗ್ರಿ ಖರ್ಚಿನದೂ ಇದೇ ಪಾಡು. ಪಾಕವಿಧಾನದ ಚೀಟಿಯಲ್ಲಿ ಪಿಜ್ಜಾಕ್ಕೆ ಇಷ್ಟು ಚೀಸ್ ಅಂತ ಬರೆದಿರುತ್ತದೆ. ಕೈಯಿಂದ ಉದುರಿಸುವಾಗ ಅಷ್ಟೇ ಬೀಳುತ್ತದಾ? 160 ಅನ್ನುವ ಉಳಿಕೆ ಅಸಲಿಗೆ 150 ಆಗಿದ್ದರೆ ಪಿಜ್ಜಾ ಮೊದಲಿನಿಂದಲೂ ಸ್ಟಾರ್ ಆಗಿರಲಿಲ್ಲ. ಒಂದು ದಿನ ಹತ್ತು ಪ್ಲೇಟ್ ತೂಗಿ ನೋಡಿದರೆ ತಿಳಿಯುತ್ತದೆ. ಮನೆಗೆ ತಲುಪಿಸುವ ಆ್ಯಪ್‌ಗಳ ಮಾರಾಟಕ್ಕೆ ಬೇರೆಯೇ ಕೋಷ್ಟಕ ಬೇಕು. ಶೇ. 20 ಕಮಿಷನ್ ಅಂತ ಇಟ್ಟುಕೊಂಡರೆ ಪಾಸ್ತಾದ 120ರಲ್ಲಿ 36 ಹೋಗಿ 84 ಆಗುತ್ತದೆ, ಪ್ಯಾಕಿಂಗ್ ಖರ್ಚು ಇನ್ನೂ ಬಾಕಿ.

ಹೊಸ ಮೆನು ಬಂದ ಮೇಲೆ ಅದು ಕೆಲಸ ಮಾಡಿತಾ ಅಂತ ತಿಳಿಯಲು ಸರಾಸರಿ ಸಾಲದು, ಒಟ್ಟು ಉಳಿಕೆ ಮತ್ತು ಬಂದ ಜನರ ಸಂಖ್ಯೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಹಬ್ಬದ ತಿಂಗಳನ್ನು ಸಪ್ಪೆ ತಿಂಗಳ ಜೊತೆ ಹೋಲಿಸಬಾರದು, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಬೇಕು. ಜನ ಅಷ್ಟೇ ಇದ್ದು ಒಟ್ಟು ಉಳಿಕೆ ಏರಿದ್ದರೆ ಬದಲಾವಣೆ ಫಲ ಕೊಟ್ಟಿದೆ. ಒಟ್ಟು ಉಳಿಕೆ ಏರಿ ಜನ ಕಡಿಮೆಯಾಗಿದ್ದರೆ, ಈಗ ಬಂದಿರುವ ಲಾಭ ಮುಂದಿನ ತಿಂಗಳುಗಳ ಗ್ರಾಹಕರನ್ನು ಕಳೆದುಕೊಂಡು ಬಂದದ್ದು. ಆಗ ಮೊದಲು ತೆಗೆದು ನೋಡಬೇಕಾದದ್ದು ಮೆನುವಿನಿಂದ ಕೈಬಿಟ್ಟ ಖಾದ್ಯದ ಹಳೆಯ ಬಿಲ್ಲುಗಳು, ಅದರಲ್ಲೂ ಒಂದಕ್ಕಿಂತ ಜಾಸ್ತಿ ಜನ ಕೂತು ತಿಂದ ಮೇಜುಗಳ ಬಿಲ್ಲುಗಳು.